ಕೋಷ್ಟಕದ ಅಡಿಯ ನಾಲ್ಕು ಸಾಲು: ಆಲಮೇಲದ ಅಂಕಿಗಳಿಗೊಂದು ವ್ಯಾಖ್ಯಾನ

ಜನಸಂಖ್ಯೆ ಒಂದು ಗಣತಿಯಿಂದ, ಹೊಲದ ಲೆಕ್ಕ ಮತ್ತೊಂದರಿಂದ ಬಂದ ಕೋಷ್ಟಕ ಇದು. ಸಾಲುಗಳಲ್ಲಿ ವಿಜಯಪುರ ಜಿಲ್ಲೆ, ಸಿಂದಗಿ ಮತ್ತು ಅದರಿಂದ ಬೇರ್ಪಟ್ಟ ಆಲಮೇಲ ತಾಲ್ಲೂಕುಗಳಿವೆ. ಅದರ ಅಡಿಯಲ್ಲಿರಬೇಕಾದ ಟಿಪ್ಪಣಿಯನ್ನು ಒಂದೊಂದೇ ಸಾಲಾಗಿ ನೋಡೋಣ.

"ಟಿಪ್ಪಣಿ: ಆಲಮೇಲದ 2011ರ ಜನಸಂಖ್ಯೆಯು ಈಗಿನ ತಾಲ್ಲೂಕಿನ ಊರುಗಳ ಅಂಕಿಗಳನ್ನು ಕೂಡಿಸಿ ಪಡೆದದ್ದು."

2011ರ ಜನಗಣತಿಯಲ್ಲಿ ಈ ಜಿಲ್ಲೆಗೆ ಐದೇ ತಾಲ್ಲೂಕು: ಬಿಜಾಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ. ಆಲಮೇಲ ಆಗ ಸಿಂದಗಿಯ ಒಳಗಿತ್ತು. ಹಾಗಾಗಿ ಗಣತಿಯ ಪುಸ್ತಕದಲ್ಲಿ ಎಷ್ಟು ಹುಡುಕಿದರೂ 'ಆಲಮೇಲ ತಾಲ್ಲೂಕು' ಎಂಬ ಸಾಲು ಸಿಗುವುದಿಲ್ಲ. ಬರೀ 'ಆಧಾರ: ಜನಗಣತಿ 2011' ಎಂದು ಬರೆದರೆ ಓದುಗ ಮೂಲಕ್ಕೆ ಹೋಗಿ ಬರಿಗೈಯಲ್ಲಿ ಮರಳುತ್ತಾನೆ.

ಕೂಡಿಸುವ ಕ್ರಮ ಹೀಗೆ. ಹೊಸ ತಾಲ್ಲೂಕಿನ ಸರ್ಕಾರಿ ಅಧಿಸೂಚನೆಯಿಂದ ಊರುಗಳ ಪಟ್ಟಿ ತೆಗೆದುಕೊಳ್ಳಬೇಕು. ಪ್ರತಿ ಊರಿಗೂ ಜನಗಣತಿ ಕೊಟ್ಟಿರುವ ಆರಂಕಿಯ ಸಂಕೇತ ಹುಡುಕಬೇಕು. ಹೆಸರನ್ನಷ್ಟೇ ನಂಬಿದರೆ ಒಂದೇ ಹೆಸರಿನ ಎರಡು ಊರು ಅದಲು ಬದಲಾಗುತ್ತವೆ, ಬಿ.ಕೆ., ಕೆ.ಎಚ್. ಬಾಲ ಬಿಟ್ಟುಹೋದಾಗಲಂತೂ ಖಂಡಿತ. ಕೂಡಿಸಿದ ಮೇಲೆ ತಾಳೆ ನೋಡಬೇಕು: ಸಿಂದಗಿಯಿಂದ ಬೇರೆಡೆಗೆ ಹೋದ ಎಲ್ಲ ಊರುಗಳನ್ನೂ ಉಳಿದ ಸಿಂದಗಿಯನ್ನೂ ಸೇರಿಸಿದರೆ 2011ರ ಸಿಂದಗಿಯ ಮೊತ್ತ ಬರಬೇಕು. ಬರದಿದ್ದರೆ ಯಾವುದೋ ಊರು ಬಿಟ್ಟಿದೆ, ಎರಡು ಸಲ ಸೇರಿದೆ, ಇಲ್ಲವೇ ಬೇರೆ ತಾಲ್ಲೂಕಿನದು ಬಂದಿದೆ. ಯಾವ ಅಧಿಸೂಚನೆಯ ಪಟ್ಟಿ ಬಳಸಿದ್ದು ಎಂಬುದನ್ನೂ ಈ ಸಾಲಿಗೇ ಸೇರಿಸಿದರೆ ಬೇರೆಯವರೂ ಇದೇ ಮೊತ್ತಕ್ಕೆ ತಲುಪಬಲ್ಲರು.

"ಅ. 1991ರ ಜಿಲ್ಲೆಯ ಅಂಕಿ ಈಗಿನ ಗಡಿಗೆ ಹೊಂದಿಸಿದ್ದು, ಬಾಗಲಕೋಟೆ ಸೇರಿಲ್ಲ."

ಈ ಸಾಲು ಇಲ್ಲದಿದ್ದರೆ ಏನಾಗುತ್ತದೆ ನೋಡಿ. 1991ರಲ್ಲಿ ಪ್ರಕಟವಾದ ಬಿಜಾಪುರ ಜಿಲ್ಲೆಯ ಜನಸಂಖ್ಯೆ 29,27,990. 2011ರದು 21,77,331. ಎರಡನ್ನೂ ಪಕ್ಕಪಕ್ಕ ಇಟ್ಟರೆ ಇಪ್ಪತ್ತು ವರ್ಷದಲ್ಲಿ ಏಳೂವರೆ ಲಕ್ಷ ಜನ ಕಡಿಮೆಯಾದಂತೆ ಕಾಣುತ್ತದೆ. ನಿಜವಾಗಿ ನಡೆದದ್ದು 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು. ಈಗಿನ ಗಡಿಯೊಳಗೆ 1991ರಲ್ಲಿ ಇದ್ದವರು 15,33,448 ಜನ. ಅಂದರೆ ಜನಸಂಖ್ಯೆ ಆರು ಲಕ್ಷಕ್ಕೂ ಹೆಚ್ಚು ಏರಿದೆ. ಬಿಜಾಪುರ, ವಿಜಯಪುರ ಎಂಬ ಎರಡು ಹೆಸರು ಒಂದೇ ಜಿಲ್ಲೆಗೆ 2014ರ ಹೆಸರು ಬದಲಾವಣೆಯಿಂದ ಬಂದವು ಎಂಬುದನ್ನೂ ಇಲ್ಲೇ ಹೇಳಬಹುದು. ಗುರುತಿಗೆ 'ಅ' ಎಂಬ ಅಕ್ಷರ ಬಳಸಿದ್ದಕ್ಕೂ ಕಾರಣವಿದೆ: ಸಂಖ್ಯೆಯ ನೆತ್ತಿಯ ಮೇಲೆ ಇನ್ನೊಂದು ಸಂಖ್ಯೆ ಇಟ್ಟರೆ ಅದೂ ಅಂಕಿಯೊಳಗೆ ಸೇರಿದಂತೆ ಕಾಣುತ್ತದೆ.

"ಆ. ಹಿಡುವಳಿ: 2015–16, ಹಳೆಯ ಸಿಂದಗಿ ಗಡಿ. ಆಲಮೇಲಕ್ಕೆ ಪ್ರತ್ಯೇಕ ಅಂಕಿ ಲಭ್ಯವಿಲ್ಲ."

ಕೃಷಿ ಗಣತಿಯ ವರ್ಷ ಜುಲೈಯಿಂದ ಜೂನ್‌ವರೆಗೆ. ಆದ್ದರಿಂದ '2015–16' ಎಂದೇ ಬರೆಯಬೇಕು, '2015' ಎಂದಲ್ಲ. ಅದರ ತಾಲ್ಲೂಕುವಾರು ಮೊತ್ತ ಹಳೆಯ ಗಡಿಯದು. ಜನಸಂಖ್ಯೆಯ ಪ್ರಮಾಣದಲ್ಲಿ ಅದನ್ನು ಒಡೆದು ಆಲಮೇಲಕ್ಕೊಂದು ಪಾಲು ಹಾಕುವ ಆಸೆ ಬರುತ್ತದೆ. ಆದರೆ ಭೀಮಾ ದಂಡೆಯ ಊರಿನ ಹೊಲವೂ ಒಳನಾಡಿನ ಒಣ ಬೇಸಾಯದ ಹೊಲವೂ ಜನರ ಲೆಕ್ಕದಲ್ಲಿ ಹಂಚಿಕೆಯಾಗಿಲ್ಲ. ಊರುವಾರು ಅಂಕಿ ಕೈಗೆ ಸಿಗದಿದ್ದರೆ ಆ ಮನೆಯಲ್ಲಿ 'ಲಭ್ಯವಿಲ್ಲ' ಎಂದು ಬರೆಯುವುದೇ ಸರಿ. ಸೊನ್ನೆ ಹಾಕಿದರೆ ಹಿಡುವಳಿಯೇ ಇಲ್ಲ ಎಂದಾಗುತ್ತದೆ.

ಹಿಡುವಳಿ ಎಂದರೇನು ಎಂಬುದೂ ಇಲ್ಲಿ ಬರಬೇಕು. ಕೃಷಿ ಗಣತಿ ಎಣಿಸುವುದು ಸಾಗುವಳಿಯನ್ನು, ಒಡೆತನವನ್ನಲ್ಲ. ಒಂದೇ ಮನೆತನ ಒಟ್ಟಾಗಿ ಉಳುವ ನಾಲ್ಕು ಪಹಣಿಯ ಹೊಲ ಅಲ್ಲಿ ಒಂದು ಹಿಡುವಳಿ. ಪಹಣಿಗಳ ಲೆಕ್ಕದೊಂದಿಗೆ ಇದನ್ನು ಹೋಲಿಸುವವರು ಎಡವುವುದು ಇಲ್ಲಿಯೇ.

"ಆಧಾರ: ಜನಸಂಖ್ಯೆ – ಭಾರತದ ಜನಗಣತಿ 2011, ಪ್ರಾಥಮಿಕ ಜನಗಣತಿ ಸಾರಾಂಶ, ಮತ್ತು ಜಿಲ್ಲೆಯ ಹಿಂದಿನ ಗಣತಿಗಳು, ಹಿಡುವಳಿ – ಕೃಷಿ ಗಣತಿ 2015–16. ಕೂಡಿಕೆ ಲೇಖಕರದು."

ಎಲ್ಲ ಮೂಲಗಳನ್ನೂ ಸುಮ್ಮನೆ ಸಾಲಾಗಿ ಹೆಸರಿಸಿದರೆ ಯಾವ ಅಂಕಣ ಯಾವುದರಿಂದ ಬಂತು ಎಂದು ಗೊತ್ತಾಗದು. ಅದಕ್ಕೇ ಅಂಕಣದ ಹೆಸರು ಮೊದಲು, ಮೂಲ ಆಮೇಲೆ. ಕೊನೆಯ ಎರಡು ಪದಗಳು ಹೊಣೆಯನ್ನು ಹಂಚುತ್ತವೆ: ಮೂಲ ಅಂಕಿ ಇಲಾಖೆಯದು, ಕೂಡಿಸುವಾಗ ತಪ್ಪಾಗಿದ್ದರೆ ಅದು ನಮ್ಮದು. ಜಾಲತಾಣದಿಂದ ಇಳಿಸಿಕೊಂಡ ಕಡತವಾದರೆ ಇಳಿಸಿದ ದಿನಾಂಕವನ್ನೂ ಸೇರಿಸಬೇಕು, ಏಕೆಂದರೆ ಪರಿಷ್ಕೃತ ಅಂಕಿಗಳು ಹಳೆಯ ಕೊಂಡಿಯಲ್ಲೇ ಬಂದು ಕೂರುವುದುಂಟು.

ಹೊಸ ತಾಲ್ಲೂಕುಗಳ ಬಗ್ಗೆ ಬರೆಯುವ ಪತ್ರಕರ್ತರು, ಸಂಶೋಧಕರು, ಪಂಚಾಯಿತಿಗೆ ವರದಿ ಮಾಡುವವರು ಈ ನಾಲ್ಕು ಸಾಲಿಗೆ ಜಾಗ ಬಿಡಲೇಬೇಕು. ಪುಟ ಸಾಲದಿದ್ದರೆ ಕೋಷ್ಟಕದ ಒಂದು ಅಂಕಣ ತೆಗೆಯಿರಿ, ಟಿಪ್ಪಣಿಯನ್ನು ತೆಗೆಯಬೇಡಿ.