‘ಎಕ್ಸ್‌ಟ್ರಾ ಹಾಕಿದ್ದೀವಿ ಸಾರ್’

ಹತ್ತಡಿ ಅಗಲದ ಕೋಣೆ, ಅದರ ಗೋಡೆ ದಾಟಿ ನಾಲ್ಕಡಿ ಹೊರಚಾಚಿದ ಬಾಲ್ಕನಿ. ಎರಡಕ್ಕೂ ಐದಿಂಚು ಸ್ಲ್ಯಾಬು, ಒಂದೇ ದಿನದ ಕಾಂಕ್ರೀಟು. ನಮ್ಮ ಬಡಾವಣೆಗಳಲ್ಲಿ ಇಂಥ ಮನೆಗಳದ್ದೇ ಸಾಲು. ಮೋಲ್ಡ್ ಹಾಕುವ ಹಿಂದಿನ ದಿನ ಮನೆಯೊಡೆಯರು ಮೇಲೆ ಹತ್ತಿ ಬಾಲ್ಕನಿಯ ಬಗ್ಗೆ ವಿಚಾರಿಸಿದರೆ ಮೇಸ್ತ್ರಿಯ ಉತ್ತರ ಸಿದ್ಧವಾಗಿರುತ್ತದೆ: ‘ಎಕ್ಸ್‌ಟ್ರಾ ಹಾಕಿದ್ದೀವಿ ಸಾರ್, ಏನೂ ಆಗಲ್ಲ.’ ಮಾತಿನ ಮೊದಲರ್ಧ ಸಾಮಾನ್ಯವಾಗಿ ನಿಜವೇ. ಎರಡನೆಯ ಅರ್ಧ ನಿಜವಾಗುತ್ತದೋ ಇಲ್ಲವೋ ಅನ್ನುವುದು ಕಂಬಿಯ ಲೆಕ್ಕಕ್ಕಿಂತ ಹೆಚ್ಚಾಗಿ ಮರುದಿನ ಅದನ್ನು ಯಾರು ತುಳಿಯುತ್ತಾರೆ ಅನ್ನುವುದನ್ನು ಅವಲಂಬಿಸಿದೆ.

ನಾಲ್ಕಡಿ ತಾನೆ ಎಂಬ ಉಡಾಫೆ ಮೊದಲು ಹೋಗಬೇಕು. ಮೂರು ಮೀಟರ್ ಕೋಣೆಯ ಸ್ಲ್ಯಾಬಿನಲ್ಲಿ ಸ್ವಂತ ತೂಕ, ನೆಲಹಾಸು, ಜನರ ಭಾರ ಎಲ್ಲ ಸೇರಿದರೆ ನಡುಮಧ್ಯದ ಬಾಗುವ ಮೊಮೆಂಟ್ ಮೀಟರ್ ಅಗಲಕ್ಕೆ ಸುಮಾರು 6.9 ಕಿಲೋನ್ಯೂಟನ್-ಮೀಟರ್. 1.2 ಮೀಟರ್ ಬಾಲ್ಕನಿಯಲ್ಲಿ ಅದು 8ರ ಆಸುಪಾಸು. ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್ ಜನಭಾರ ಹಿಡಿಯುವ ಐಎಸ್ 875, ಬಾಲ್ಕನಿಗೆ 3 ಹಿಡಿಯಿರಿ ಎನ್ನುತ್ತದೆ. ಅದಕ್ಕೆ ಜತೆಯಾಗಿ ತುತ್ತತುದಿಯಲ್ಲಿ ನಾಲ್ಕಿಂಚು ಇಟ್ಟಿಗೆಯ ಪ್ಯಾರಪೆಟ್ ಕೂತಿರುತ್ತದೆ. ಒಟ್ಟು ಮೊಮೆಂಟಿನಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಆ ಪ್ಯಾರಪೆಟ್ಟಿನದೇ. ಅಂದರೆ ನಾಲ್ಕಡಿ ಬಾಲ್ಕನಿ ಹತ್ತಡಿ ಕೋಣೆಗಿಂತ ಹೆಚ್ಚು ಜೋರಾಗಿ ಬಾಗಲು ಹವಣಿಸುತ್ತದೆ, ಅದೂ ತಲೆಕೆಳಗಾದ ರೀತಿಯಲ್ಲಿ. ಕೋಣೆಯ ಸ್ಲ್ಯಾಬು ನಡುವೆ ಜಗ್ಗುವುದರಿಂದ ಎಳೆತ ತಳದಲ್ಲಿದೆ. ಬಾಲ್ಕನಿಯ ತುದಿ ಜಗ್ಗುವುದರಿಂದ ಎಳೆತ ಗೋಡೆಯ ಅಂಚಿನಲ್ಲಿ, ಮೇಲ್ಮೈಗೆ ಅಂಟಿದಂತೆ ಇದೆ.

ಕೋಣೆಯ ಕಂಬಿ ಕವರ್ ಬ್ಲಾಕುಗಳ ಮೇಲೆ ಕೂತಿರುತ್ತದೆ. ಕೆಲಸದವರು ಎಷ್ಟೇ ತುಳಿದರೂ ಅದು ಹೋಗಿ ಸೇರುವುದು ತಾನಿರಬೇಕಾದ ಜಾಗಕ್ಕೇ. ಬಾಲ್ಕನಿಯ ಕಂಬಿ ಗಾಳಿಯಲ್ಲಿ ನಿಲ್ಲಬೇಕು. ಒಂದೊಂದು ಹೆಜ್ಜೆಯೂ ಅದನ್ನು ಇರಬಾರದ ಕಡೆಗೆ ಒತ್ತುತ್ತದೆ. ನಮ್ಮ ಬಾರ್ ಬೆಂಡರುಗಳ ಕೈಚಳಕವೆಲ್ಲ ಕೋಣೆಯ ಸ್ಲ್ಯಾಬಿನಲ್ಲಿ ಪಳಗಿದ್ದು. ಅದೇ ಅಭ್ಯಾಸವನ್ನು ಬಾಲ್ಕನಿಗೂ ಒಯ್ಯುವುದರಲ್ಲೇ ತೊಂದರೆಯ ಬೇರಿದೆ.

ಎಕ್ಸ್‌ಟ್ರಾ ಕಂಬಿಯ ಹಿಂದೆ ಸರಿಯಾದ ಕಾರಣವೇ ಇದೆ. ಕೋಣೆಯ ಕಂಬಿಗಳಲ್ಲಿ ಒಂದು ಬಿಟ್ಟು ಒಂದನ್ನು ಕ್ರ್ಯಾಂಕ್ ಮಾಡಿ ಮೇಲೆತ್ತಿ ಬಾಲ್ಕನಿಗೆ ಚಾಚುವುದು ಹಳೆಯ ರೂಢಿ. ಕೆಳಗೆ 150 ಮಿಲಿಮೀಟರಿಗೊಂದು ಕಂಬಿ ಇದ್ದರೆ, ಮೇಲೆ ಹೋಗುವುದು 300ಕ್ಕೊಂದು. ಎಳೆತ ಹೆಚ್ಚಿರುವ ಕಡೆ ಅರ್ಧ ಕಂಬಿ! ಆ ಕೊರತೆ ತುಂಬಲು ಎರಡು ಕ್ರ್ಯಾಂಕುಗಳ ನಡುವೆ ಬಿಡಿ ಕಂಬಿ ಇಡುತ್ತಾರೆ. ಹಾಗಾಗಿ ಹೆಸರಿಗೆ ಎಕ್ಸ್‌ಟ್ರಾ ಆದರೂ ಅದು ಬಾಲ್ಕನಿಗೆ ಬೇಕೇಬೇಕಾದ ಕಂಬಿಯ ಅರ್ಧಭಾಗ.

ಈಗ ಲೆಕ್ಕ ನೋಡೋಣ. ಎಂ20 ಕಾಂಕ್ರೀಟು, ಎಫ್ಇ500 ಉಕ್ಕು, ಕ್ರ್ಯಾಂಕೂ ಎಕ್ಸ್‌ಟ್ರಾವೂ ಸೇರಿ ಮೇಲೆ 10 ಎಂಎಂ ಕಂಬಿ 200 ಮಿಲಿಮೀಟರಿಗೊಂದು ಅಂದುಕೊಳ್ಳಿ. ಭದ್ರತೆಯ 1.5 ಪಟ್ಟು ಸೇರಿಸಿದರೆ ಸ್ಲ್ಯಾಬು ತಾಳಬೇಕಾದ್ದು 12. ಮೇಲೆ 20 ಮಿಲಿಮೀಟರ್ ಕವರ್ ಬಿಟ್ಟು ಕಂಬಿ ತನ್ನ ಜಾಗದಲ್ಲಿದ್ದರೆ ತಾಕತ್ತು 15ಕ್ಕೂ ಮಿಕ್ಕಿದೆ. ಅದೇ ಕಂಬಿ 40 ಮಿಲಿಮೀಟರ್ ಕುಸಿದರೆ ತಾಕತ್ತು 8.6ಕ್ಕೆ ಇಳಿಯುತ್ತದೆ: ಬಾಲ್ಕನಿ ನಿಂತಿರುತ್ತದೆ, ಆದರೆ ಭದ್ರತೆಯ ಪಾಲು ಬಹುತೇಕ ಮುಗಿದಿರುತ್ತದೆ. ಆಧಾರವೇ ಇಲ್ಲದೆ ಕೆಳಗಿನ ಜಾಲರಿಯ ಮೇಲೆ ಮಲಗಿಬಿಟ್ಟರೆ ಕಂಬಿಗೂ ತಳಕ್ಕೂ ಉಳಿಯುವ ಆಳ 40 ಮಿಲಿಮೀಟರ್. ಆಗ ಕಂಬಿ ಜಗ್ಗುವ ಮುಂಚೆ ತಳದ ಕಾಂಕ್ರೀಟೇ ನುಗ್ಗಾಗುತ್ತದೆ. ಐಎಸ್ 456ರ ಪ್ರಕಾರ ಅಷ್ಟು ಆಳಕ್ಕೆ ಸಿಗುವುದು ಹೆಚ್ಚೆಂದರೆ 4.3, ದಿನನಿತ್ಯದ 8ರಲ್ಲಿ ಅರ್ಧದಷ್ಟು. ಆ ಸ್ಥಿತಿಯಲ್ಲಿ ಎಕ್ಸ್‌ಟ್ರಾ ಕಂಬಿಯನ್ನು ಎರಡು ಪಟ್ಟು ಮಾಡಿದರೂ 4.3 ಬೆಳೆಯುವುದಿಲ್ಲ. ಜಾಗ ತಪ್ಪಿದ್ದನ್ನು ಸಂಖ್ಯೆಯಿಂದ ತುಂಬಿಕೊಡಬಹುದು ಎಂಬ ನಂಬಿಕೆಯನ್ನು ನಾನು ಒಪ್ಪದಿರುವುದು ಇದಕ್ಕೇ.

ಆದ್ದರಿಂದ ಬಾಲ್ಕನಿಯ ಕೆಲಸ ನೋಡುವಾಗ ಮೊದಲು ಚೇರುಗಳನ್ನು ನೋಡಬೇಕು, ಆಮೇಲೆ ಕಂಬಿ ಎಣಿಸಬೇಕು. ಗೋಡೆಯ ಅಂಚಿನ ಸಾಲಿನಲ್ಲಿ, ಮತ್ತೆ ತುದಿಯ ಕಡೆ, ಮೀಟರಿಗೊಂದಕ್ಕಿಂತ ಹತ್ತಿರದಲ್ಲಿ ದಪ್ಪ ಕಂಬಿಯ ಚೇರುಗಳಿರಬೇಕು. ಒಬ್ಬ ಆಳು ಮೇಲೆ ನಿಂತರೂ ಕಂಬಿ ಬಗ್ಗಬಾರದು. ಸೆಂಟ್ರಿಂಗಿನ ಅಂಚಿಗೆ ದಾರ ಎಳೆದು ಅಳೆದರೆ ಕಂಬಿ ಎಷ್ಟು ಕೆಳಗಿದೆ ಎಂಬುದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಇನ್ನೊಂದು ಸಣ್ಣ ತಪ್ಪೂ ಕಣ್ಣಿಗೆ ಬೀಳುತ್ತದೆ. ಕೋಣೆಯಲ್ಲಿ ಮುಖ್ಯ ಕಂಬಿ ಅಡಿಗೆ, ಡಿಸ್ಟ್ರಿಬ್ಯೂಷನ್ ಕಂಬಿ ಅದರ ಮೇಲೆ. ಬಾಲ್ಕನಿಯಲ್ಲಿ ಇದು ತಿರುಗಿ, ಮುಖ್ಯ ಕಂಬಿ ಎಲ್ಲಕ್ಕಿಂತ ಮೇಲೆ ಬರಬೇಕು. ರೂಢಿಬಲದಿಂದ ಇಲ್ಲೂ ಅಡ್ಡಕಂಬಿಯನ್ನೇ ಮೇಲೆ ಹಾಸಿ ಕಟ್ಟಿದರೆ ಎಂಟು ಮಿಲಿಮೀಟರ್ ಆಳ ಪುಕ್ಕಟೆ ಹೋಯಿತು. ಕಾಂಕ್ರೀಟು ಸುರಿಯುವಾಗ ಓಡಾಡಲು ಹಲಗೆ ಹಾಕಿಸದಿದ್ದರೆ, ಪಂಪಿನ ಪೈಪನ್ನು ಕಂಬಿಯ ಮೇಲೆ ಎಳೆದಾಡಿದರೆ, ಹಿಂದಿನ ದಿನದ ತಪಾಸಣೆಗೆ ಅರ್ಥವಿಲ್ಲ.

ಕಂಬಿ ಕೋಣೆಯೊಳಗೆ ಎಷ್ಟು ದೂರ ಹೋಗಬೇಕು ಎಂಬಲ್ಲೂ ಜಿಪುಣತನ ಕಾಣುತ್ತದೆ. ‘ಎರಡಡಿ ಹಿಡಿತ ಸಾಕು’ ಎನ್ನುವವರು ಹೇಳುತ್ತಿರುವುದು ಕಂಬಿ ಕಿತ್ತು ಬಾರದಿರಲು ಬೇಕಾದ ಉದ್ದವನ್ನು. 10 ಎಂಎಂ ಕಂಬಿಗೆ ಅದು ಸುಮಾರು 570 ಮಿಲಿಮೀಟರ್, ತಪ್ಪಲ್ಲ. ಆದರೆ ಮೇಲ್ಮೈಯ ಎಳೆತ ಗೋಡೆಯಲ್ಲಿ ನಿಲ್ಲುವುದಿಲ್ಲ. ಬಾಲ್ಕನಿಯಲ್ಲಿ ಜನ ತುಂಬಿ ಕೋಣೆ ಖಾಲಿ ಇದ್ದಾಗ, ನಮ್ಮ ಉದಾಹರಣೆಯಲ್ಲಿ ಅದು ಕೋಣೆಯೊಳಗೆ 1.3 ಮೀಟರ್ ತನಕ ಹಬ್ಬುತ್ತದೆ. ಅದನ್ನು ದಾಟಿ ಇನ್ನೊಂದಿಷ್ಟು ಮುಂದೆ ಹೋಗಿ ಕಂಬಿ ನಿಲ್ಲಬೇಕು. ಚಾಚಿನ ಒಂದೂವರೆ ಪಟ್ಟು ಒಳಗೆ ಬಿಡಿ ಎಂಬ ಹಳೆಯ ಅಂದಾಜು, ಅಂದರೆ ಇಲ್ಲಿ 1.8 ಮೀಟರ್, ಈ ಲೆಕ್ಕಕ್ಕೆ ಚೆನ್ನಾಗಿಯೇ ಹೊಂದುತ್ತದೆ.

ಮಳೆನೀರು ಒಳಗೆ ಬಾರದಿರಲೆಂದು ಬಾಲ್ಕನಿಯ ಸ್ಲ್ಯಾಬನ್ನೇ ನಾಲ್ಕಿಂಚು ತಗ್ಗಿಸುವ ಪದ್ಧತಿಯನ್ನಂತೂ ನಾನು ಇಷ್ಟಪಡುವುದಿಲ್ಲ. ಬಾಲ್ಕನಿಯ ಮೇಲಿನ ಕಂಬಿಯನ್ನು ನೇರ ಒಳಗೆ ಬಿಟ್ಟರೆ ಅದು ಕೋಣೆಯ ಸ್ಲ್ಯಾಬಿನ ತಳಕ್ಕೆ ಹೋಗಿ ಸೇರುತ್ತದೆ, ಅಲ್ಲಿ ಅದಕ್ಕೆ ಕೆಲಸವಿಲ್ಲ. ಭಾರವೆಲ್ಲ ಅಂಚಿನ ಬೀಮನ್ನು ತಿರುಚತೊಡಗುತ್ತದೆ. ತಿರುಚುವಿಕೆಗೆಂದೇ ಬೀಮನ್ನು ಲೆಕ್ಕಹಾಕಿದ್ದರೆ ಸರಿ. ಇಲ್ಲವಾದರೆ ಸ್ಲ್ಯಾಬು ಸಮವಾಗಿರಲಿ, ನೀರಿಗೆ ಇಳಿಜಾರೂ ಬಾಗಿಲಿಗೆ ಹೊಸ್ತಿಲೂ ಸಾಕು.

ಸೆಂಟ್ರಿಂಗ್ ಬಿಚ್ಚುವಾಗ ಆಸರೆ ಕಂಬಗಳನ್ನು ತುದಿಯಿಂದ ಗೋಡೆಯ ಕಡೆಗೆ ತೆಗೆಯುತ್ತ ಬರಬೇಕು. ಕೋಣೆಯಲ್ಲಾದರೆ ನಡುವಿನಿಂದ ಗೋಡೆಗಳ ಕಡೆಗೆ. ಕಂಬಿ ಕುಸಿದಿದ್ದರೆ ಮೊದಲ ಬಿರುಕು ಬಾಗಿಲ ಮುಂದೆ, ಗೋಡೆಗೆ ಸಮಾನಾಂತರವಾಗಿ, ಮೇಲ್ಮೈಯಲ್ಲಿ ಬರುತ್ತದೆ. ಟೈಲ್ಸ್ ಬಿದ್ದ ಮೇಲೆ ಅದು ಕಾಣದು. ಆ ಸಾಲಿನ ಟೈಲ್ಸ್ ಸಂದು ಮತ್ತೆ ಮತ್ತೆ ಬಿಡುವುದು, ಕೆಳಗೆ ಗೋಡೆಯಂಚಿನಲ್ಲಿ ತುಕ್ಕುಬಣ್ಣದ ಒದ್ದೆ ಗೆರೆ ಮೂಡುವುದು ಅದರ ಗುರುತು. ಅನುಮಾನವಿದ್ದರೆ ಕವರ್ ಮೀಟರ್ ಹಿಡಿದು ಕಂಬಿಯ ಆಳ ನೋಡಿಸಬಹುದು. ಆಳ ತಪ್ಪಿರುವುದು ಖಚಿತವಾದರೆ ಮಾಡಬಹುದಾದ ಸರಳ ದುರಸ್ತಿ ತುದಿಗೆ ಬೀಮು, ಕಂಬ ಕೊಡುವುದು. ಆಗ ಬಾಲ್ಕನಿಯೂ ಎರಡು ಕಡೆ ಆಧಾರವಿರುವ ಸಾಮಾನ್ಯ ಸ್ಲ್ಯಾಬಾಗುತ್ತದೆ, ನಾಲ್ಕಡಿ ಅಂತರಕ್ಕೆ ತಳದ ಸಾಧಾರಣ ಜಾಲರಿಯೇ ಸಾಕಾಗುತ್ತದೆ. ಆದರೆ ಮೂವತ್ತು-ನಲವತ್ತರ ಸೈಟಿನಲ್ಲಿ ಆ ಕಂಬ ಬಂದು ನಿಲ್ಲುವುದು ಕಾರು ನಿಲ್ಲಿಸುವ ಜಾಗದ ನಡುವೆ, ಇಲ್ಲವೇ ಕಾಂಪೌಂಡಿನಾಚೆ ರಸ್ತೆಯಲ್ಲಿ.