ಅತ್ತೆಗೆ ಬರೆದ ಕರೆ ಭಾವನಿಗೆ ಹೊಂದಬಾರದು

ಗೃಹಪ್ರವೇಶದ ಪತ್ರಿಕೆಯಲ್ಲಿ ಗಣಪತಿಯ ಚಿತ್ರ, ತಿಥಿ, ನಕ್ಷತ್ರ, ಲಗ್ನ, ‘ತಮ್ಮ ಸುಖಾಗಮನವನ್ನು ಬಯಸುವ’ ಎಲ್ಲವೂ ಇರಲಿ. ಅದು ಊರಿಗೆಲ್ಲ ಹೋಗುವ ಕಾಗದ. ನಾನು ಈ ವಾರ ಹೇಳಹೊರಟಿರುವುದು ಅದರ ಜೊತೆಗೆ ಹತ್ತಿರದ ನೆಂಟರಿಗೆ ನಾವೇ ಬರೆಯುವ ನಾಲ್ಕಾರು ಸಾಲಿನ ಬಗ್ಗೆ. ಆ ಜಾಗದಲ್ಲಿ ಈಗ ಹೆಚ್ಚಿನವರು ಬರೆಯುವುದು ‘ಇದನ್ನೇ ವೈಯಕ್ತಿಕ ಕರೆ ಎಂದು ಭಾವಿಸಿ’ ಎಂದು. ಭಾವಿಸುವ ಕೆಲಸವನ್ನು ನೆಂಟರಿಗೆ ಬಿಡಬಾರದು. ಕರೆಯುವುದು ಕರೆಯುವವರ ಕೆಲಸ.

ಮೊದಲು ಸಮಯ. ಗೃಹಪ್ರವೇಶಕ್ಕೆ ಒಂದೇ ಸಮಯ ಇರುವುದಿಲ್ಲ. ಹೊಸ್ತಿಲು ದಾಟಿ ಹಾಲುಕ್ಕಿಸುವ ಮುಹೂರ್ತ ಒಂದು, ಹೋಮ ಮತ್ತು ಸತ್ಯನಾರಾಯಣ ಪೂಜೆ ಮುಗಿದು ಮಹಾಮಂಗಳಾರತಿ ಆಗುವುದು ಇನ್ನೊಂದು, ಎಲೆ ಹಾಕುವುದು ಮತ್ತೊಂದು. ಯಾರನ್ನು ಯಾವುದಕ್ಕೆ ಕರೆಯುತ್ತಿದ್ದೇವೆಂದು ನಾವೇ ತೀರ್ಮಾನಿಸಿ ಬರೆಯಬೇಕು. ಮುಹೂರ್ತ ಸೂರ್ಯೋದಯಕ್ಕೆ ಮುಂಚೆ ಇದ್ದರೆ ಇನ್ನೊಂದು ಎಚ್ಚರ ಬೇಕು. ಪಂಚಾಂಗದ ವಾರ ಬದಲಾಗುವುದು ಸೂರ್ಯೋದಯಕ್ಕೆ. ಪುರೋಹಿತರು ಬುಧವಾರವೆಂದು ಗುರುತು ಹಾಕಿಕೊಟ್ಟ ಬೆಳಗಿನ ಜಾವದ 4.30 ನಮ್ಮ ಕ್ಯಾಲೆಂಡರಿನಲ್ಲಿ ಗುರುವಾರವಾಗಿರಬಹುದು. ಅವರನ್ನು ಕೇಳಿ ಖಚಿತ ಮಾಡಿಕೊಂಡು, ‘ಬುಧವಾರ ರಾತ್ರಿ ಕಳೆದು ಗುರುವಾರ ಬೆಳಗಿನ ಜಾವ’ ಎಂದೇ ಬಿಡಿಸಿ ಬರೆಯಿರಿ. ಇಲ್ಲದಿದ್ದರೆ ಯಾರೋ ಒಬ್ಬರು ಒಂದು ದಿನ ಮೊದಲೇ ಬೀಗ ಹಾಕಿದ ಬಾಗಿಲ ಮುಂದೆ ನಿಂತಿರುತ್ತಾರೆ.

ಮನೆ ಮೈಸೂರಿನ ವಿಜಯನಗರ 4ನೇ ಹಂತದಲ್ಲಿದೆ, ಅತ್ತೆ ಸಾಗರದಲ್ಲಿದ್ದಾರೆ ಎಂದುಕೊಳ್ಳೋಣ. ಅವರಿಗೆ ನಾನಾದರೆ ಹೀಗೆ ಬರೆಯುತ್ತೇನೆ:

“ಅತ್ತೆ, ನಮಸ್ಕಾರ. ಫೆಬ್ರವರಿ 19, ಗುರುವಾರ ನಮ್ಮ ಹೊಸ ಮನೆಯ ಗೃಹಪ್ರವೇಶ. ಒಳಗೆ ಕಾಲಿಡುವುದು ಬೆಳಗಿನ ಜಾವ 4.30ಕ್ಕೆ. ಬುಧವಾರ ರಾತ್ರಿಯ ರೈಲಿಗೆ ಹೊರಟರೆ ನೀವು ಬರುವಷ್ಟರಲ್ಲಿ ಹಾಲುಕ್ಕಿಸಿ ಆಗಿರುತ್ತದೆ. ಅದಕ್ಕೇ ಮಂಗಳವಾರ ರಾತ್ರಿಯೇ ಹೊರಡಿ, ಬೆಳಿಗ್ಗೆ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಅಪ್ಪ ಮನೆ ಕಟ್ಟಿಸಿದಾಗ ಒಲೆ ಹಚ್ಚಿ ಹಾಲಿಟ್ಟವರು ನೀವು. ಇಲ್ಲೂ ನೀವೇ ಇಡಬೇಕು.”

ಇಲ್ಲಿ ವಿಳಾಸವೇ ಇಲ್ಲ, ಯಾಕೆಂದರೆ ಅತ್ತೆಗೆ ಬೇಕಾದ ಸ್ಥಳ ಸ್ಟೇಷನ್. ಬೆಂಗಳೂರಿನಿಂದ ಕಾರಿನಲ್ಲಿ ಬರುವ ಭಾವನಿಗೆ ಬೇಕಾದದ್ದು ಬೇರೆ:

“ಭಾವ, ಗುರುವಾರ ಮುಹೂರ್ತಕ್ಕೆ ಬರಬೇಕೆಂದು ನಿದ್ದೆಗೆಟ್ಟು ಗಾಡಿ ಓಡಿಸಬೇಡಿ. ಮಹಾಮಂಗಳಾರತಿ 11.30ಕ್ಕೆ, ಊಟ 12.30ರಿಂದ. ನೀರಿನ ಟ್ಯಾಂಕ್ ದಾಟಿದ ಮೇಲೆ ಎಡಕ್ಕೆ ಎರಡನೇ ರಸ್ತೆ, ಬಾಳೆಕಂಬ ಕಟ್ಟಿದ ಮನೆ. ಲೊಕೇಶನ್ ಕೆಳಗೆ ಹಾಕಿದ್ದೇನೆ. ಸೈಟು ನೋಡಲು ಬಂದ ದಿನ ಅಡುಗೆಮನೆ ಪೂರ್ವಕ್ಕಿರಲಿ ಅಂದಿದ್ದಿರಿ. ಹಾಗೇ ಮಾಡಿಸಿದ್ದೇವೆ, ಅಕ್ಕನ ಜೊತೆ ಬಂದು ನೋಡಿ.”

ಹೊಸ ಬಡಾವಣೆಯಲ್ಲಿ ಮನೆಯ ಹೆಸರು ಮ್ಯಾಪಿನಲ್ಲಿ ಸಿಗುವುದಿಲ್ಲ. ಒಂದೇ ನಂಬರಿನ ಕ್ರಾಸ್ ಹಂತಹಂತಕ್ಕೂ ಬರುತ್ತದೆ. ಆದ್ದರಿಂದ ಲೊಕೇಶನ್ನನ್ನು ಹೊಸ ಮನೆಯ ಗೇಟಿನ ಮುಂದೆ ನಿಂತೇ ತೆಗೆದಿಟ್ಟುಕೊಳ್ಳಿ. ಹಳೆಯ ಮನೆಯಲ್ಲಿ ಕೂತು ‘ಈಗಿರುವ ಜಾಗ’ ಕಳಿಸಿದರೆ ನೆಂಟರು ಹಳೆಯ ಮನೆಗೇ ಹೋಗುತ್ತಾರೆ.

ಆತ್ಮೀಯತೆಯ ಸಾಲಿಗೆ ನನ್ನದು ಒಂದೇ ಪರೀಕ್ಷೆ: ಅದನ್ನು ಇನ್ನೊಬ್ಬರಿಗೆ ಕಳಿಸಿದರೆ ಹೊಂದುತ್ತದೆಯೇ? ‘ನೀವಿಲ್ಲದೆ ಸಮಾರಂಭಕ್ಕೆ ಕಳೆಯಿಲ್ಲ’ ಎಂಬುದು ಎಲ್ಲರಿಗೂ ಹೊಂದುತ್ತದೆ, ಅದಕ್ಕೇ ಯಾರಿಗೂ ತಾಕುವುದಿಲ್ಲ. ಆ ಮನೆಗೂ ಅವರಿಗೂ ಇರುವ ನಿಜವಾದ ನಂಟೊಂದನ್ನು ಹೇಳಿ: ಕೊಟ್ಟ ಸಲಹೆ, ಮಾಡಬೇಕಾದ ಕೆಲಸ, ತಂದುಕೊಟ್ಟ ಸಸಿ. ಒಂದೇ ಸಾಲು ಸಾಕು, ಎರಡಾದರೆ ಹೊಗಳಿಕೆಯಾಗುತ್ತದೆ. ಹಾಲಿಡುವ ಮಾತನ್ನು ಇಬ್ಬರು ಅತ್ತೆಯಂದಿರಿಗೆ ಬರೆಯಬೇಡಿ. ಇಬ್ಬರೂ ಅಲ್ಲೇ ಸಿಗುತ್ತಾರೆ, ಮಾತು ಹೊರಬರುತ್ತದೆ.

ಕಳಿಸುವ ಕ್ರಮವೂ ಮುಖ್ಯ. ಮನೆಯ ಗುಂಪಿಗೆ ತಮ್ಮ ಹಾಕಿದ ಪತ್ರಿಕೆಯನ್ನು ಹಾಗೇ ದಾಟಿಸಿದರೆ ವಾಟ್ಸಾಪ್ ಅದರ ಮೇಲೆ ‘ಫಾರ್ವರ್ಡೆಡ್’ ಎಂದು ಬರೆಯುತ್ತದೆ. ಪತ್ರಿಕೆಯನ್ನು ಫೋನಿನಲ್ಲಿ ಉಳಿಸಿಕೊಂಡು ಅಲ್ಲಿಂದ ಕಳಿಸಿ. ಅದಕ್ಕೂ ಮೊದಲು ನಿಮ್ಮ ಮಾತು ಹೋಗಲಿ, ಪತ್ರಿಕೆ ಹಿಂದೆ ಬರಲಿ. ಹಿರಿಯರಿಗಂತೂ ಮೊದಲು ಫೋನಿನಲ್ಲಿ ಕರೆದು, ದಿನ ಸಮಯ ನೆನಪಿಗಿರಲೆಂದು ಆಮೇಲೆ ಬರೆದು ಕಳಿಸಬೇಕು. ಮಗನ ಫೋನಿಗೆ ಕಳಿಸಿ ‘ಅಮ್ಮನಿಗೂ ಹೇಳು’ ಎಂದರೆ ಅಮ್ಮನನ್ನು ಕರೆದಂತಾಗುವುದಿಲ್ಲ.

ಎಲ್ಲರಿಗೂ ಹೀಗೆ ಬರೆಯಲಾಗದು, ಬರೆಯಬೇಕಾಗಿಯೂ ಇಲ್ಲ. ಪತ್ರಿಕೆ ಹಂಚುವ ಮುನ್ನ, ಬರದಿದ್ದರೆ ನಿಮಗೆ ನಿಜವಾಗಿ ಕೊರತೆಯೆನಿಸುವವರ ಹೆಸರು ಬರೆದುಕೊಳ್ಳಿ. ಅಷ್ಟು ಜನಕ್ಕೆ ಮಾತ್ರ ಒಬ್ಬೊಬ್ಬರಿಗೇ ಕೂತು ಬರೆಯಿರಿ.