ಗೆಣ್ಣು ಮುಂದೆ, ಉಗುರು ಹಿಂದೆ

ಹೋಟೆಲಿನ ಅಡುಗೆಮನೆಗೆ ಕೆಲಸ ಕಲಿಯಲು ಬರುವ ನಮ್ಮ ಕಡೆಯ ಹುಡುಗ ಹುಡುಗಿಯರಲ್ಲಿ ಹಲವರು ಈಳಿಗೆಮಣೆ ನೋಡಿ ಬೆಳೆದವರು. ಈಳಿಗೆಯಲ್ಲಿ ಅಲಗು ಕದಲುವುದಿಲ್ಲ, ಕೈಗಳೇ ತರಕಾರಿ ಹಿಡಿದು ಅಲಗಿನತ್ತ ಸಾಗುತ್ತವೆ. ಶೆಫ್ ಚಾಕುವಿನದು ಇದಕ್ಕೆ ತದ್ವಿರುದ್ಧ. ತರಕಾರಿ ನಿಂತಲ್ಲೇ ನಿಂತಿರುತ್ತದೆ, ಅಲಗು ಓಡಾಡುತ್ತದೆ. ಹೀಗಾಗಿ ಹೊಸಬರು ಚಾಕು ಹಿಡಿದ ಬಲಗೈಯನ್ನೇ ನೋಡುತ್ತಿದ್ದರೆ, ನಾನು ಅವರ ಎಡಗೈ ನೋಡುತ್ತೇನೆ. ಗಾಯವಾಗುವುದು ಅದಕ್ಕೇ.

ಎಡಗೈಯ ಬೆರಳ ತುದಿಗಳು ಒಳಕ್ಕೆ ಮಡಚಿಕೊಂಡಿರಬೇಕು, ಹೆಬ್ಬೆರಳು ಅವುಗಳ ಹಿಂದೆ ಅಡಗಿರಬೇಕು. ಎಲ್ಲಕ್ಕಿಂತ ಮುಂದಿರುವುದು ನಡುಬೆರಳಿನ ಗೆಣ್ಣು. ಅಲಗಿನ ಚಪ್ಪಟೆ ಮೈ ಆ ಗೆಣ್ಣಿಗೆ ತಾಗಿಕೊಂಡೇ ಏರಿಳಿಯುತ್ತದೆ. ಅಲಗಿನ ಬಾಯಿಯನ್ನು ಗೆಣ್ಣಿಗಿಂತ ಮೇಲಕ್ಕೆ ಎತ್ತದಿದ್ದರೆ ಅದಕ್ಕೆ ಬೆರಳು ಸಿಗುವುದಿಲ್ಲ. ಗೆಣ್ಣು ಎಷ್ಟು ಹಿಂದೆ ಸರಿಯಿತೋ ಹೋಳು ಅಷ್ಟು ದಪ್ಪ. ಬಲಗೈ ಹಿಡಿಯನ್ನಷ್ಟೇ ಹಿಡಿದರೆ ಸಾಲದು. ಹೆಬ್ಬೆರಳು ಮತ್ತು ತೋರುಬೆರಳು ಹಿಡಿಗಿಂತ ಮುಂದೆ ಅಲಗಿನ ಬುಡವನ್ನೇ ಚಿವುಟಿ ಹಿಡಿಯಬೇಕು, ಆಗ ಚಾಕು ಅಕ್ಕಪಕ್ಕ ವಾಲುವುದಿಲ್ಲ. ಕಟಿಂಗ್ ಬೋರ್ಡಿನ ಕೆಳಗೆ ಒದ್ದೆ ಬಟ್ಟೆ ಹಾಸಿರಲಿ. ಬೋರ್ಡ್ ಜಾರುತ್ತಿದ್ದರೆ ಎಂಥ ಹಿಡಿತವೂ ಕೈಕೊಡುತ್ತದೆ.

ಈಗ ಒಂದು ಈರುಳ್ಳಿ. ಅದನ್ನು ತಲೆಯಿಂದ ಬೇರಿನವರೆಗೆ ಎರಡು ಹೋಳು ಮಾಡಿ, ತಲೆ ಕತ್ತರಿಸಿ, ಸಿಪ್ಪೆ ತೆಗೆಯಿರಿ. ಬೇರಿನ ಗಂಟು ಮಾತ್ರ ಹಾಗೇ ಇರಲಿ, ಪದರಗಳನ್ನೆಲ್ಲ ಹಿಡಿದಿಟ್ಟಿರುವುದು ಅದೇ. ಚಪ್ಪಟೆ ಭಾಗ ಕೆಳಗೆ ಮಾಡಿ, ಬೇರಿಗೆ ಒಂದು ಬೆರಳಿನಷ್ಟು ಮೊದಲೇ ನಿಲ್ಲುವಂತೆ ಉದ್ದುದ್ದ ಸೀಳಿ. ಆಮೇಲೆ ಅಲಗನ್ನು ಅಡ್ಡಲಾಗಿ ಮಲಗಿಸಿ ಒಂದೆರಡು ಸೀಳು ಹಾಕಬೇಕೆಂದು ಪಠ್ಯಗಳಲ್ಲಿರುತ್ತದೆ. ಕಲಿಯುವವರು ಇದನ್ನು ಬಿಟ್ಟುಬಿಡುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಇಡೀ ಕೆಲಸದಲ್ಲಿ ಅಲಗು ಅಂಗೈಯತ್ತ ಸಾಗುವುದು ಇದೊಂದೇ ಕಡೆ. ಈರುಳ್ಳಿಯಲ್ಲಿ ಪದರಗಳು ಹೇಗೂ ಬೇರೆಬೇರೆಯಾಗಿಯೇ ಇರುವುದರಿಂದ ನಷ್ಟವೂ ಹೆಚ್ಚಿಲ್ಲ. ಕೊನೆಗೆ ಅಡ್ಡಡ್ಡ ಕತ್ತರಿಸುತ್ತ ಬಂದರೆ ಚೌಕ ಚೂರುಗಳು ಉದುರುತ್ತವೆ. ಅಲಗನ್ನು ನೇರ ಕೆಳಗೆ ಒತ್ತಬೇಡಿ, ಮುಂದಕ್ಕೆ ನೂಕುತ್ತ ಇಳಿಸಿ. ವೇಗದ ಯೋಚನೆ ಬೇಡ. ಚೂರುಗಳು ಒಂದೇ ಗಾತ್ರಕ್ಕೆ ಬಂದರೆ ಒಗ್ಗರಣೆಯಲ್ಲಿ ಒಟ್ಟಿಗೇ ಕೆಂಪಾಗುತ್ತವೆ, ಇಲ್ಲದಿದ್ದರೆ ಸಣ್ಣವು ಸೀದಿರುವಾಗ ದೊಡ್ಡವು ಹಸಿಯಾಗಿಯೇ ಇರುತ್ತವೆ.

ಚಾಕು ಮೊಂಡಾದದ್ದನ್ನು ಮೊದಲು ಹೇಳುವುದು ಟೊಮೆಟೊ. ಅಲಗು ಸಿಪ್ಪೆಯ ಮೇಲೆ ಜಾರುತ್ತದೆ, ನೀವು ಹೆಚ್ಚು ಒತ್ತುತ್ತೀರಿ, ಜಾರಿದ ಅಲಗು ಅಷ್ಟೂ ಬಲದೊಂದಿಗೆ ಕೈಗೆ ಬರುತ್ತದೆ. ಮೊದಲು ಉಕ್ಕಿನ ಹೋನಿಂಗ್ ರಾಡ್ ಪ್ರಯತ್ನಿಸಿ. ಅದರ ಮುಖ್ಯ ಕೆಲಸ ಮಸೆಯುವುದಲ್ಲ, ಬಾಗಿದ ಬಾಯಿಯನ್ನು ನೆಟ್ಟಗೆ ಮಾಡುವುದು. ಅದರಿಂದಲೂ ಸರಿಹೋಗದಿದ್ದರೆ ಸಾಣೆಕಲ್ಲೇ ಬೇಕು.

1000 ಗ್ರಿಟ್ ಕಲ್ಲು ಸಾಕು. ನೆನೆಸುವ ಜಾತಿಯದಾದರೆ ಗುಳ್ಳೆ ಏಳುವುದು ನಿಲ್ಲುವವರೆಗೆ ನೀರಿನಲ್ಲಿಡಿ. ಸಾಮಾನ್ಯ ಶೆಫ್ ಚಾಕುವಿಗೆ 15ರಿಂದ 20 ಡಿಗ್ರಿ ಕೋನ ಬೇಕು. ಅಲಗು 45 ಮಿಲಿಮೀಟರ್ ಅಗಲವಿದ್ದರೆ ಅದರ ಬೆನ್ನು ಕಲ್ಲಿನಿಂದ 12ರಿಂದ 15 ಮಿಲಿಮೀಟರ್ ಮೇಲಿರಬೇಕು ಎಂದರ್ಥ. ಕೋನ ಸರಿಯಿದೆಯೇ ಎಂದು ತಿಳಿಯಲು ಬಾಯಿಯ ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಎರಡು ಬಾರಿ ಉಜ್ಜಿ ನೋಡಿ. ಮಸಿ ಅಂಚಿನ ತುದಿಯಲ್ಲೇ ಉಳಿದಿದ್ದರೆ ಬೆನ್ನು ತುಸು ಮೇಲೇಳಬೇಕು, ಮೇಲ್ಭಾಗದಲ್ಲಿ ಉಳಿದಿದ್ದರೆ ಇಳಿಯಬೇಕು.

ಎಷ್ಟು ಹೊತ್ತು ಮಸೆಯಬೇಕು? ಎಣಿಕೆ ಬೇಡ, ಬರ್ ಏಳುವವರೆಗೆ. ಒಂದು ಮಗ್ಗುಲು ಮಸೆದಾಗ ಲೋಹದ ಕೂದಲೆಳೆಯಷ್ಟು ತೆಳು ಅಂಚು ಇನ್ನೊಂದು ಮಗ್ಗುಲಿಗೆ ಮಡಚಿಕೊಳ್ಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯತ್ತ ಸವರಿದರೆ ಅದು ತಡೆಯುವುದು ತಿಳಿಯುತ್ತದೆ. ಬಾಯಿಯ ಉದ್ದಕ್ಕೆ ಎಂದೂ ಸವರಬಾರದು. ಬರ್ ಹಿಮ್ಮಡಿಯಿಂದ ಮೊನೆಯವರೆಗೂ ಸಿಗಬೇಕು. ನಡುವೆ ಎಲ್ಲಿ ಸಿಗಲಿಲ್ಲವೋ ಅಲ್ಲಿ ಇನ್ನೂ ಮೊಂಡು. ಚಾಕು ತಿರುವಿ ಇನ್ನೊಂದು ಮಗ್ಗುಲಿಗೂ ಹೀಗೇ ಮಾಡಿ. ಕೊನೆಗೆ ಮಗ್ಗುಲು ಬದಲಿಸುತ್ತ ಹಗುರವಾಗಿ ಎಳೆದು ಬರ್ ತೆಗೆಯಿರಿ. ಇದನ್ನು ಬಿಟ್ಟರೆ ಚಾಕು ಆ ಕ್ಷಣಕ್ಕೆ ಹರಿತವೆನಿಸಿ, ಸ್ವಲ್ಪ ಹೊತ್ತಿಗೇ ಮತ್ತೆ ಜಾರತೊಡಗುತ್ತದೆ. ಬೀದಿಯ ಸಾಣೆಚಕ್ರಕ್ಕೆ ಒಳ್ಳೆಯ ಚಾಕು ಕೊಡುವುದು ನನಗಂತೂ ಒಪ್ಪಿಗೆಯಿಲ್ಲ. ಒಣ ಚಕ್ರದ ಬಿಸಿಗೆ ಅಂಚು ನೀಲಿಗಟ್ಟಿದರೆ ಅಲ್ಲಿನ ಉಕ್ಕು ಮೆತ್ತಗಾಯಿತೆಂದೇ ಲೆಕ್ಕ.

ಇಷ್ಟು ಕಷ್ಟಪಟ್ಟ ಹರಿತವನ್ನು ಡ್ರಾಯರಿನಲ್ಲಿ ಸೌಟು ಚಮಚಗಳ ನಡುವೆ ಎಸೆದರೆ ಬಹಳ ದಿನ ಉಳಿಯದು. ಗೋಡೆಯ ಅಯಸ್ಕಾಂತ ಪಟ್ಟಿಗೆ ಅಂಟಿಸುವಾಗ ಬೆನ್ನನ್ನು ಮೊದಲು ತಾಗಿಸಿ, ಆಮೇಲೆ ಅಲಗನ್ನು ಹೊರಳಿಸಿ ಕೂರಿಸಿ. ತೆಗೆಯುವಾಗ ಬಾಯಿಯನ್ನು ಮೊದಲು ಬಿಡಿಸಿ, ಬೆನ್ನಿನ ಮೇಲೆ ಹೊರಳಿಸಿ ಎತ್ತಿ. ಡ್ರಾಯರೇ ಗತಿಯಾದರೆ ಅಲಗಿಗೆ ಕವಚ ಹಾಕಿ. ತೊಳೆಯುವ ಸಿಂಕಿನಲ್ಲಂತೂ ಚಾಕು ಬಿಡಲೇಬಾರದು. ಸೋಪಿನ ನೊರೆಯ ಕೆಳಗೆ ಅದಿರುವುದು ಪಾತ್ರೆ ತೊಳೆಯಲು ಕೈ ಹಾಕುವವರಿಗೆ ಗೊತ್ತಿರುವುದಿಲ್ಲ. ಬಳಸಿದವರೇ ತೊಳೆದು, ಬೆನ್ನಿನ ಕಡೆಯಿಂದ ಒರೆಸಿ, ಅದರ ಜಾಗದಲ್ಲಿಡಬೇಕು.